ಒಂದೇ ಸುತ್ತಿನಲ್ಲಿ ಹಲವು ಹಾದಿ

ಪ್ರೋಗ್ರಾಮಿಂಗ್ ಸ್ಪರ್ಧೆಗಳ ಅಭ್ಯಾಸಕ್ಕೆ ಸ್ಪೋಜ್ ತಾಣ ಬಳಸುವವರಿಗೆ `MATCHING` ಎಂಬ ಸಮಸ್ಯೆ ಪರಿಚಿತ. ಒಂದು ಕಡೆ 50,000ದವರೆಗೆ ಹಸುಗಳು, ಇನ್ನೊಂದು ಕಡೆ ಅಷ್ಟೇ ಹೋರಿಗಳು. ಯಾವ ಹಸುವಿಗೆ ಯಾವ ಹೋರಿ ಹೊಂದುತ್ತದೆ ಎಂಬ ಪಟ್ಟಿಯಲ್ಲಿ 1,50,000ದವರೆಗೆ ಸಾಲುಗಳಿರಬಹುದು. ಒಂದಕ್ಕೆ ಒಂದೇ ಜೊತೆ ಎಂಬ ಕಟ್ಟಳೆಯಲ್ಲಿ ಹೆಚ್ಚೆಂದರೆ ಎಷ್ಟು ಜೋಡಿ ಕೂಡಿಸಬಹುದು ಎಂಬುದಷ್ಟೇ ಪ್ರಶ್ನೆ.

ಪಠ್ಯದಲ್ಲಿ ಮೊದಲು ಕಲಿಸುವ ವಿಧಾನ ಹೀಗಿದೆ. ಜೊತೆಯಿಲ್ಲದ ಒಬ್ಬರನ್ನು ಹಿಡಿದು ಹುಡುಕಾಟ ಶುರುಮಾಡುತ್ತೇವೆ. ಅವರಿಗೆ ಬೇಕಾದದ್ದು ಇನ್ನೊಬ್ಬರ ಕೈಯಲ್ಲಿದ್ದರೆ, ಆ ಇನ್ನೊಬ್ಬರಿಗೆ ಬೇರೆ ಏನಾದರೂ ಸಿಕ್ಕೀತೇ ಎಂದು ನೋಡುತ್ತೇವೆ. ಹೀಗೆ ಬಿಡಿಸುತ್ತ, ಕೊಡಿಸುತ್ತ ಹೋಗಿ ಯಾರೂ ಹಿಡಿಯದ ತುದಿ ತಲುಪಿದರೆ ಜೋಡಿಗಳ ಸಂಖ್ಯೆ ಒಂದು ಹೆಚ್ಚುತ್ತದೆ. ಇಂಥ ಹಾದಿಗೆ ಆಗ್ಮೆಂಟಿಂಗ್ ಪಾತ್ ಎಂದು ಹೆಸರು. ಇಂಥ ಹಾದಿ ಒಂದೂ ಉಳಿಯದಿದ್ದರೆ ಜೋಡಣೆ ಗರಿಷ್ಠವಾಗಿದೆ ಎಂದು ಫ್ರಾನ್ಸಿನ ಕ್ಲೋಡ್ ಬೆರ್ಜ್ 1957ರಲ್ಲಿ ಸಾಧಿಸಿಕೊಟ್ಟರು. ವಿಧಾನ ಸರಿಯಾದದ್ದೇ, ಆದರೆ ಒಂದು ಹುಡುಕಾಟಕ್ಕೆ ಒಂದೇ ಹಾದಿ ಸಿಗುತ್ತದೆ. ಕೆಟ್ಟ ಇನ್‌ಪುಟ್ ಬಂದರೆ ಪ್ರತಿ ಹುಡುಕಾಟವೂ ಇಡೀ ಪಟ್ಟಿಯನ್ನು ಓದಬೇಕಾಗಿ, 50,000 ಸಲ 1,50,000 ಎಂದರೆ 750 ಕೋಟಿ ಹೆಜ್ಜೆಯಾಗುತ್ತದೆ.

ಜಾನ್ ಹಾಪ್‌ಕ್ರಾಫ್ಟ್ ಮತ್ತು ರಿಚರ್ಡ್ ಕಾರ್ಪ್ 1973ರಲ್ಲಿ ಪ್ರಕಟಿಸಿದ ಅಲ್ಗಾರಿದಮ್ ಈ ಲೆಕ್ಕವನ್ನೇ ಬದಲಿಸಿತು. ಸೋವಿಯತ್ ಒಕ್ಕೂಟದಲ್ಲಿ ಅಲೆಕ್ಸಾಂಡರ್ ಕರ್ಜಾನೊವ್ ಅದೇ ವರ್ಷ ಸ್ವತಂತ್ರವಾಗಿ ಇದೇ ಫಲಿತಾಂಶ ಪಡೆದಿದ್ದರು. ಕೆಲಸ ಸುತ್ತು ಸುತ್ತಾಗಿ ನಡೆಯುತ್ತದೆ. ಪ್ರತಿ ಸುತ್ತಿನಲ್ಲಿ ಜೊತೆಯಿಲ್ಲದ ಎಲ್ಲರಿಂದಲೂ ಒಟ್ಟಿಗೆ ಹೊರಟು, ಆ ಹೊತ್ತಿಗೆ ಇರುವ ಅತಿ ಗಿಡ್ಡ ಹಾದಿಗಳಲ್ಲಿ ಒಂದಕ್ಕೊಂದು ತಾಗದ ಹಾದಿಗಳನ್ನು ಸಾಧ್ಯವಿದ್ದಷ್ಟು ಆರಿಸಿಕೊಂಡು, ಎಲ್ಲವನ್ನೂ ಒಮ್ಮೆಗೇ ಜಾರಿಗೆ ತರುತ್ತೇವೆ.

ಚಿಕ್ಕ ಉದಾಹರಣೆಯನ್ನು ಕಾಗದದ ಮೇಲೆ ಬಿಡಿಸಿಕೊಂಡರೆ ಇದು ಚೆನ್ನಾಗಿ ಕಾಣುತ್ತದೆ. ಎಂಟು ಮಂದಿ, ಏಳು ಕೆಲಸ. ಕ ಎಂಬವರಿಗೆ 1 ಮತ್ತು 2ನೇ ಕೆಲಸ ಬರುತ್ತದೆ, ಖ ಅವರಿಗೆ 1 ಮಾತ್ರ. ಗ ಅವರಿಗೆ 3 ಮತ್ತು 4, ಘ ಅವರಿಗೆ 3 ಮಾತ್ರ. ಚ ಅವರಿಗೆ 5 ಮತ್ತು 6, ಛ ಅವರಿಗೆ 6 ಮತ್ತು 7, ಜ ಅವರಿಗೆ 5 ಮಾತ್ರ. ಕೊನೆಯ ಝ ಅವರಿಗೆ ಮತ್ತೆ 1 ಮಾತ್ರ.

ಮೊದಲ ಸುತ್ತಿನಲ್ಲಿ ಯಾರಿಗೂ ಜೊತೆಯಿಲ್ಲ, ಹಾಗಾಗಿ ಅತಿ ಗಿಡ್ಡ ಹಾದಿಯ ಉದ್ದ 1. ಸಿಕ್ಕವರಿಗೆ ಸಿಕ್ಕದ್ದು ಎಂಬಂತೆ ಹಂಚಿದರಾಯಿತು: ಕ–1, ಗ–3, ಚ–5, ಛ–6. ಖ, ಘ, ಜ, ಝ ಬರಿಗೈಯಲ್ಲಿ ಉಳಿದರು.

ಎರಡನೇ ಸುತ್ತಿನಲ್ಲಿ ಈ ನಾಲ್ವರನ್ನೂ ಸೊನ್ನೆಯ ಪದರದಲ್ಲಿಟ್ಟು ಬಿಎಫ್ಎಸ್ ಹೊರಡುತ್ತದೆ. ಖ ಮತ್ತು ಝ ಅವರಿಂದ 1ನೇ ಕೆಲಸದ ಮೂಲಕ ಕ, ಘ ಅವರಿಂದ 3ರ ಮೂಲಕ ಗ, ಜ ಅವರಿಂದ 5ರ ಮೂಲಕ ಚ. ಈ ಮೂವರು ಒಂದನೇ ಪದರ. ಇಲ್ಲಿಂದ ಒಂದು ಹೆಜ್ಜೆ ಮುಂದಿಟ್ಟರೆ ಖಾಲಿಯಿರುವ 2 ಮತ್ತು 4 ಸಿಗುತ್ತವೆ. ಖಾಲಿ ಕೆಲಸ ಕಂಡ ಪದರದಲ್ಲೇ ಬಿಎಫ್ಎಸ್ ನಿಲ್ಲಬೇಕು. ಈ ಸುತ್ತಿನ ಉದ್ದ 3 ಎಂದು ತೀರ್ಮಾನವಾಯಿತು. ಈಗ ಡಿಎಫ್ಎಸ್ ಸರದಿ. ಖ–1–ಕ–2 ಒಂದು ಹಾದಿ, ಘ–3–ಗ–4 ಇನ್ನೊಂದು, ಒಂದಕ್ಕೊಂದು ತಾಗುವುದಿಲ್ಲ, ಎರಡೂ ಜಾರಿ. ಜ ಅವರ ಹಾದಿ 5, ಚ, 6, ಛ ಎಂದು ಇನ್ನೂ ಉದ್ದ ಹೋಗಬೇಕಾದ್ದರಿಂದ ಅವರು ಈ ಸುತ್ತಿನಲ್ಲಿ ಕಾಯಬೇಕು. ಝ ಅವರಿಗೂ 1ರ ಮೂಲಕವೇ ಹಾದಿಯಿತ್ತು, ಆದರೆ ಖ ಅದನ್ನು ಬಳಸಿಯಾಗಿದೆ.

ಮೂರನೇ ಸುತ್ತಿನ ಉದ್ದ 5. ಜ–5–ಚ–6–ಛ–7 ಹಾದಿ ದೊರೆತು ಜ ಅವರಿಗೆ 5, ಚ ಅವರಿಗೆ 6, ಛ ಅವರಿಗೆ 7 ಬಂತು. ಒಟ್ಟು ಏಳು ಜೋಡಿ. ನಾಲ್ಕನೇ ಸುತ್ತಿನಲ್ಲಿ ಝ ಹೊರಟು 1ಕ್ಕೆ, ಅಲ್ಲಿಂದ ಖ ಅವರಿಗೆ ತಲುಪಿ ನಿಲ್ಲುತ್ತಾರೆ. ಖಾಲಿ ಕೆಲಸ ಕಾಣಲಿಲ್ಲ, ಆಟ ಮುಗಿಯಿತು.

ಉದ್ದ 1, 3, 5 ಎಂದು ಏರಿದ್ದು ಈ ಉದಾಹರಣೆಯ ಅದೃಷ್ಟವಲ್ಲ. ಯಾವ ಇನ್‌ಪುಟ್ ಕೊಟ್ಟರೂ ಪ್ರತಿ ಸುತ್ತಿನಲ್ಲಿ ಉದ್ದ ಕನಿಷ್ಠ 2ರಷ್ಟು ಏರಲೇಬೇಕು. ಅಲ್ಗಾರಿದಮ್ಮಿನ ಜೀವವಿರುವುದು ಇಲ್ಲೇ ಎಂದು ನಾನು ತಿಳಿದಿದ್ದೇನೆ. ಕಾರಣ ನೋಡಿ. ಹಿಡಿದಿರುವ ಕೆಲಸಕ್ಕೆ ಕಾಲಿಟ್ಟವರಿಗೆ ಹೊರಗೆ ಬರಲು ಒಂದೇ ಬಾಗಿಲು: ಅದನ್ನು ಹಿಡಿದವರು. ಎರಡನೇ ಸುತ್ತಿಗೆ ಮೊದಲು 1ನ್ನು ಹಿಡಿದಿದ್ದ ಕ ಮುಂದಿನ ಪದರದವರು. ಸುತ್ತು ಮುಗಿದ ಮೇಲೆ ಅದನ್ನು ಹಿಡಿದಿರುವ ಖ ಹಿಂದಿನ ಪದರದವರು. ಆದ್ದರಿಂದ ಬಳಕೆಯಾದ ಹಾದಿಯನ್ನು ಮುಟ್ಟುವ ಯಾವ ಹೊಸ ಹಾದಿಯೂ ಹಳೆಯ ಪದರಗಳಲ್ಲಿ ಹಿಂದಕ್ಕೆ ಸರಿದು ಮತ್ತೆ ಮುಂದೆ ಬರಬೇಕು, ಅದರ ಉದ್ದ ಹೆಚ್ಚಲೇಬೇಕು. ಯಾವುದನ್ನೂ ಮುಟ್ಟದೆ ಅದೇ ಉದ್ದದಲ್ಲಿ ಹೋಗುವ ಹಾದಿ ಇದ್ದಿದ್ದರೆ ಅದನ್ನು ಆ ಸುತ್ತಿನಲ್ಲೇ ಆರಿಸಿಕೊಂಡಿರುತ್ತಿದ್ದೆವು. ಗಮನಿಸಿ, ಸುತ್ತಿನೊಳಗೆ ಅತಿ ಹೆಚ್ಚು ಹಾದಿಗಳನ್ನು ಆರಿಸುವ ಜಾಣತನ ಬೇಕಿಲ್ಲ. ಇನ್ನೊಂದನ್ನು ಸೇರಿಸಲಾಗದು ಎನ್ನುವವರೆಗೆ ಸಿಕ್ಕಿದ್ದನ್ನು ಸೇರಿಸುತ್ತ ಹೋದರೆ ಸಾಕು. ಈ ರಿಯಾಯಿತಿ ಇರುವುದರಿಂದಲೇ ಒಂದು ಸುತ್ತು ಪಟ್ಟಿಯನ್ನು ಒಂದೆರಡು ಸಲ ಓದುವಷ್ಟರಲ್ಲಿ ಮುಗಿಯುತ್ತದೆ.

ಹಾಗಾದರೆ ಸುತ್ತುಗಳೆಷ್ಟು? ಹಸು–ಹೋರಿ ಲೆಕ್ಕಕ್ಕೇ ಬರೋಣ. 223 ಸುತ್ತು ಮುಗಿದಿವೆ ಎಂದುಕೊಳ್ಳಿ. ಇನ್ನುಳಿದ ಯಾವ ಹಾದಿಯೂ 447ಕ್ಕಿಂತ ಗಿಡ್ಡವಿರಲಾರದು, ಅಂದರೆ ಪ್ರತಿ ಹಾದಿಯೂ ಈಗಾಗಲೇ ಕೂಡಿರುವ ಕನಿಷ್ಠ 223 ಜೋಡಿಗಳನ್ನು ಹಾದು ಹೋಗುತ್ತದೆ. ನಮ್ಮ ಜೋಡಣೆಗೂ ಗರಿಷ್ಠ ಜೋಡಣೆಗೂ ಎಷ್ಟು ಅಂತರವಿದೆಯೋ ಅಷ್ಟು ಹಾದಿಗಳು ಒಂದಕ್ಕೊಂದು ತಾಗದಂತೆ ಇದ್ದೇ ಇರುತ್ತವೆ ಎಂಬುದು ಬೆರ್ಜ್ ವಾದದಿಂದಲೇ ಸಿಗುತ್ತದೆ. ಕೂಡಿರುವ ಜೋಡಿಗಳೇ 50,000ಕ್ಕಿಂತ ಕಡಿಮೆ, ಒಂದೊಂದು ಹಾದಿಯೂ ಅದರಲ್ಲಿ 223ನ್ನು ತಿನ್ನುತ್ತದೆ. ಆದ್ದರಿಂದ ಅಂತರ 224ನ್ನು ಮೀರದು. ಉಳಿದ ಸುತ್ತುಗಳು ತಲಾ ಒಂದೇ ಹಾದಿ ಕೊಟ್ಟರೂ 224 ಸುತ್ತು, ಕೊನೆಗೆ ಇಲ್ಲವೆಂದು ಖಚಿತಪಡಿಸುವ ಒಂದು ಸುತ್ತು, ಒಟ್ಟು 448. ಸುತ್ತಿಗೆ ಪಟ್ಟಿಯನ್ನು ಎರಡು ಸಲ ಓದಿದರೂ ಸುಮಾರು 13.5 ಕೋಟಿ ಹೆಜ್ಜೆ. ಪುಸ್ತಕಗಳಲ್ಲಿ `O(E√V)` ಎಂದು ಬರೆದಿರುವುದರ ಒಳಗಿನ ವರ್ಗಮೂಲ ಹುಟ್ಟುವುದು ಹೀಗೆ. ಮೊದಲರ್ಧ ಉದ್ದದ ಏರಿಕೆ, ದ್ವಿತೀಯಾರ್ಧ ಜಾಗದ ಇಕ್ಕಟ್ಟು.

ಇದು ಕೆಟ್ಟ ಪಕ್ಷದ ಲೆಕ್ಕ. ಯಾದೃಚ್ಛಿಕ ಗ್ರಾಫುಗಳಲ್ಲಿ ಸುತ್ತುಗಳ ಸಂಖ್ಯೆ ಲಾಗರಿದಮ್‌ನಷ್ಟೇ ಬೆಳೆಯುತ್ತದೆ ಎಂದು ರಾಜೀವ್ ಮೋಟ್ವಾನಿ 1994ರ ಪ್ರಬಂಧದಲ್ಲಿ ತೋರಿಸಿದ್ದಾರೆ. ಅಂಥ ಇನ್‌ಪುಟ್‌ಗಳಲ್ಲಿ, ಮೊದಲು ಸಿಕ್ಕಿದ್ದನ್ನು ಹಂಚಿ ಆಮೇಲೆ ಒಂದೊಂದೇ ಹಾದಿ ಹುಡುಕುವ ಸರಳ ಕೋಡ್ ಕೂಡ ಹಿಂದೆ ಬೀಳುವುದಿಲ್ಲ. ಹಾಪ್‌ಕ್ರಾಫ್ಟ್–ಕಾರ್ಪ್ ಬೆಲೆ ತಿಳಿಯುವುದು ಯಾರೋ ಬೇಕೆಂದೇ ಉದ್ದುದ್ದ ಸರಪಳಿ ಹೆಣೆದು ಕೊಟ್ಟಾಗ. ಜೋಡಿಗಳಿಗೆ ಬೆಲೆ ಅಥವಾ ತೂಕ ಇದ್ದರೆ ಮಾತ್ರ ಇದು ನೇರವಾಗಿ ಒದಗದು, ಅದಕ್ಕೆ ಹಂಗೇರಿಯನ್ ವಿಧಾನದ ಕಡೆ ಹೋಗಬೇಕು.

ಕೋಡಿನಲ್ಲಿ ತಪ್ಪುವುದು ಹೆಚ್ಚಾಗಿ ಡಿಎಫ್ಎಸ್ ಭಾಗದಲ್ಲಿ.

```
bool dfs(int u) {
  for (int v : adj[u]) {
    int w = mate[v];
    if (w == -1 ? dist[u] == last
                : dist[w] == dist[u] + 1 && dfs(w)) {
      mate[v] = u;
      match[u] = v;
      return true;
    }
  }
  dist[u] = INF;
  return false;
}
```

ಇಲ್ಲಿ `last` ಎಂದರೆ ಖಾಲಿ ಕೆಲಸ ಮೊದಲು ಕಂಡ ಪದರ. ಬಳಸಿದ್ದನ್ನು ಗುರುತಿಡುವ ಪ್ರತ್ಯೇಕ ಪಟ್ಟಿ ಎಲ್ಲೂ ಇಲ್ಲ. ಝ ಬಂದು 1ನ್ನು ಕೇಳಿದಾಗ `mate` ಖ ಅವರನ್ನು ತೋರಿಸುತ್ತದೆ, ಖ ಇರುವುದು ಸೊನ್ನೆಯ ಪದರದಲ್ಲಿ, ಬೇಕಿದ್ದದ್ದು ಒಂದು. ಪದರ ಹೊಂದದೆ ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತದೆ. ಮೇಲಿನ ಸಾಧನೆಯಲ್ಲಿ ಹೇಳಿದ ಮಾತೇ ಒಂದು ಹೋಲಿಕೆಯಾಗಿ ಕೋಡಿನಲ್ಲಿ ಕೂತಿದೆ. ಇಂಥ ಕಡೆ ಓದುವ ಖುಷಿಯೇ ಬೇರೆ.

`dist[u] = INF` ಸಾಲು ಬಿಟ್ಟುಹೋದರೆ ಉತ್ತರ ಸರಿಯಾಗಿಯೇ ಬರುತ್ತದೆ, ಸಮಯ ಮಾತ್ರ ಕೈಮೀರುತ್ತದೆ. ದಾರಿಯಿಲ್ಲದ ಮೂಲೆಗೆ ಒಬ್ಬರಾದ ಮೇಲೆ ಒಬ್ಬರು ಹೋಗಿ ಬರುತ್ತಲೇ ಇರುತ್ತಾರೆ. ಇನ್ನೊಂದು ತಪ್ಪು, ಒಂದು ಹಾದಿ ಸಿಕ್ಕ ಕೂಡಲೇ ಬಿಎಫ್ಎಸ್‌ಗೆ ಮರಳುವುದು. ಆಗಲೂ ಉತ್ತರ ಸರಿ, ಆದರೆ ಸುತ್ತುಗಳು ಸಾವಿರಗಟ್ಟಲೆ. ಎರಡನ್ನೂ ಬೇರ್ಪಡಿಸಿ ಗುರುತಿಸಲು ಪ್ರತಿ ಸುತ್ತಿನ ಕೊನೆಗೆ `last` ಮತ್ತು ಆ ಸುತ್ತಿನಲ್ಲಿ ಸಿಕ್ಕ ಹಾದಿಗಳ ಸಂಖ್ಯೆ ಮುದ್ರಿಸಿ. ಸುತ್ತು ಕಡಿಮೆಯಿದ್ದು ಒಂದೊಂದೂ ತಡಮಾಡುತ್ತಿದ್ದರೆ ಮೊದಲನೆಯ ತಪ್ಪು. `last` ಏರದೆ ಅದೇ ಸಂಖ್ಯೆ ಮತ್ತೆ ಮತ್ತೆ ಬಂದರೆ ಎರಡನೆಯದು. ಪೈಥಾನ್‌ನಲ್ಲಿ ಬರೆಯುವವರಿಗೆ ಇನ್ನೊಂದು ಅಡ್ಡಿ: ಅಲ್ಲಿ ರಿಕರ್ಷನ್ ಮಿತಿ ಮೊದಲಿನಿಂದ 1,000ಕ್ಕೆ ಕಟ್ಟಿರುತ್ತದೆ, ಉದ್ದನೆಯ ಸರಪಳಿ ಎದುರಾದರೆ ಕೋಡ್ ನಡುದಾರಿಯಲ್ಲೇ ಬೀಳುತ್ತದೆ. ಡಿಎಫ್ಎಸ್ಸನ್ನು ಸ್ವಂತ ಸ್ಟ್ಯಾಕ್ ಇಟ್ಟು ಲೂಪಿನಲ್ಲಿ ಬರೆಯುವುದೇ ಲೇಸು.

ಬಂದ ಉತ್ತರ ಗರಿಷ್ಠವೇ ಎಂದು ಇನ್ನೊಂದು ಕೋಡ್ ಬರೆಯದೆ ಪರೀಕ್ಷಿಸಲೂ ಬರುತ್ತದೆ. ಹಂಗೇರಿಯ ಡೇನೆಸ್ ಕೋನಿಗ್ 1931ರಲ್ಲಿ ಕೊಟ್ಟ ಪ್ರಮೇಯದ ಪ್ರಕಾರ, ಪಟ್ಟಿಯ ಪ್ರತಿ ಸಾಲಿನ ಒಂದು ತುದಿಯಾದರೂ ಒಳಗೆ ಬರುವಂತೆ ಆರಿಸಿದ ಅತಿ ಚಿಕ್ಕ ಗುಂಪಿನ ಗಾತ್ರ ಗರಿಷ್ಠ ಜೋಡಣೆಯಷ್ಟೇ ಇರುತ್ತದೆ. ಆ ಗುಂಪನ್ನು ಕೊನೆಯ, ಸೋತ ಬಿಎಫ್ಎಸ್ ಪುಕ್ಕಟೆಯಾಗಿ ಕೊಡುತ್ತದೆ: ಅದು ತಲುಪದ ಮಂದಿ, ಮತ್ತು ಅದು ತಲುಪಿದ ಕೆಲಸಗಳು. ನಮ್ಮ ಉದಾಹರಣೆಯಲ್ಲಿ ಅದು ತಲುಪಿದ್ದು ಝ, 1, ಖ. ತಲುಪದ ಮಂದಿ ಕ, ಗ, ಘ, ಚ, ಛ, ಜ ಎಂಬ ಆರು ಜನ, ಅವರ ಜೊತೆಗೆ 1ನೇ ಕೆಲಸ. ಪಟ್ಟಿಯ ಹನ್ನೆರಡು ಸಾಲುಗಳಲ್ಲಿ ಒಂದೂ ಈ ಏಳರಿಂದ ತಪ್ಪಿಸಿಕೊಳ್ಳುವುದಿಲ್ಲ, ಹಾಗಾಗಿ ಎಂಟನೆಯ ಜೋಡಿ ಯಾರಿಂದಲೂ ಸಾಧ್ಯವಿಲ್ಲ. ಖ ಮತ್ತು ಝ ಇಬ್ಬರಿಗೂ ಬರುವುದು 1ನೇ ಕೆಲಸ ಒಂದೇ ಎಂಬ ಕಾರಣವೂ ಅಲ್ಲೇ ಬರೆದಿದೆ.