ದಪ್ಪ ಬೆಸುಗೆಯ ನಂಬಿಕೆ

ಬೆಸುಗೆ ದಪ್ಪವಾದಷ್ಟೂ ಚೌಕಟ್ಟು ಗಟ್ಟಿ ಎಂಬ ನಂಬಿಕೆ ನಮ್ಮ ವೆಲ್ಡಿಂಗ್ ಅಂಗಡಿಗಳಲ್ಲಿ ಆಳವಾಗಿ ಬೇರೂರಿದೆ. ಗಿರಾಕಿಯದೂ ಅದೇ ನಂಬಿಕೆ. ಮೂಲೆಯಲ್ಲಿ ಉಬ್ಬಿ ನಿಂತ ಬೆಸುಗೆ ಕಂಡರೆ ತೃಪ್ತಿಯಿಂದ ಹಣ ಕೊಟ್ಟು ಹೋಗುತ್ತಾನೆ. ಗ್ಯಾರೇಜಿನಲ್ಲಿ ವೈಸ್ ಕೂರಿಸುವ ಸಾಮಾನ್ಯ ಕೆಲಸದ ಮೇಜೊಂದು ತಯಾರಾಗುವ ಬಗೆಯನ್ನು ಗಮನಿಸಿದರೆ ಬೇರೆಯದೇ ಕಾಣುತ್ತದೆ: ಆ ಉಬ್ಬು ಬಹಳ ಸಲ ಕತ್ತರಿಸುವಾಗಿನ ತಪ್ಪನ್ನು ಮುಚ್ಚಲು ಬಂದದ್ದು.

ಮೇಜಿನ ಅಳತೆ 1200 ಮಿ.ಮೀ. ಉದ್ದ, 600 ಅಗಲ, 850 ಎತ್ತರ ಎಂದಿರಲಿ. ಬಳಸುವುದು 50 ಮಿ.ಮೀ. ಚೌಕದ, 3 ಮಿ.ಮೀ. ದಪ್ಪದ ಎಂಎಸ್ ಪೈಪು. ಉದ್ದದ ಎರಡು ಪೈಪುಗಳ ನಡುವೆ ಅಡ್ಡಪೈಪು ಕೂರುವುದರಿಂದ ಅದರ ಉದ್ದ 600 ಅಲ್ಲ, 500. ಕಾಲು ಮೇಲಿನ ಚೌಕಟ್ಟಿನ ಕೆಳಗೆ ನಿಲ್ಲುತ್ತದೆ, ಅದರಡಿಗೆ 6 ಮಿ.ಮೀ. ಪ್ಲೇಟು ಬರುತ್ತದೆ, ಹಾಗಾಗಿ ಕಾಲಿನ ಉದ್ದ 794. ಇಷ್ಟು ಲೆಕ್ಕವನ್ನು ಎಲ್ಲರೂ ಹಾಕುತ್ತಾರೆ. ಮರೆಯುವುದು ಚಕ್ರ ತಿನ್ನುವ ಲೋಹವನ್ನು. ಕಟಿಂಗ್ ಮೆಷಿನ್ನಿನ ಕಲ್ಲುಚಕ್ರ ಪ್ರತಿ ಕಡಿತಕ್ಕೂ ಸುಮಾರು 3 ಮಿ.ಮೀ. ಪುಡಿ ಮಾಡುತ್ತದೆ. ಆರು ಮೀಟರ್ ಪೈಪಿನಲ್ಲಿ 1200ರ ಐದು ತುಂಡು ಸಿಗುತ್ತದೆಂದು ಒಂದೇ ಸಲಕ್ಕೆ ಗೀಟು ಹಾಕಿಟ್ಟರೆ ನಾಲ್ಕು ಕಡಿತಕ್ಕೆ 12 ಮಿ.ಮೀ. ಹೋಗಿರುತ್ತದೆ. ಚಕ್ರ ಗೀಟಿನ ಮೇಲೆಯೇ ಇಳಿದರೆ ಆ ಕೊರತೆ ಎಲ್ಲ ತುಂಡಿಗೂ ಹಂಚಿಹೋಗಿ, ಯಾವುದೂ ಸರಿಯಾಗಿರುವುದಿಲ್ಲ. ಒಂದು ತುಂಡು ಕತ್ತರಿಸಿದ ಮೇಲೆಯೇ ಮುಂದಿನದನ್ನು ಅಳೆದು, ಚಕ್ರವನ್ನು ಗೀಟಿನ ಆಚೆಗೆ, ಉಳಿಕೆಯ ಕಡೆಗೆ ಇಳಿಸುವುದೇ ಸರಿ.

ಹೀಗೆ ಮಾಡದೆ 500ರ ಅಡ್ಡಪೈಪು 497 ಆಯಿತೆನ್ನಿ. ಸಂದಿನಲ್ಲಿ ಬಿರುಕು ಕಾಣುತ್ತದೆ; ಅದನ್ನು ರಾಡು ಸುರಿದು ತುಂಬುತ್ತಾರೆ. ನಿಜವಾದ ತೊಂದರೆ ಶುರುವಾಗುವುದು ಇಲ್ಲಿ. ಕಾದ ಉಕ್ಕು ಹಿಗ್ಗಲು ನೋಡುತ್ತದೆ, ಸುತ್ತಲಿನ ತಣ್ಣನೆಯ ಲೋಹ ಬಿಡುವುದಿಲ್ಲ. ಅದು ಅಲ್ಲೇ ಅಮುಕಿಕೊಂಡು, ಆರುವಾಗ ಕುಗ್ಗಿ ಪೈಪನ್ನು ತನ್ನ ಕಡೆಗೆ ಎಳೆಯುತ್ತದೆ. ಸುರಿದ ಲೋಹ ಹೆಚ್ಚಿದಷ್ಟೂ ಎಳೆತ ಹೆಚ್ಚು. 3 ಮಿ.ಮೀ. ಪೈಪಿನ ಮೂಲೆಗೆ ಸುಮಾರು 3 ಮಿ.ಮೀ. ಬದಿಯ ಬೆಸುಗೆ ಸಾಕು. ಅದನ್ನು 6 ಮಾಡಿದರೆ ಲೋಹ ಎರಡು ಪಟ್ಟಲ್ಲ, ನಾಲ್ಕು ಪಟ್ಟಾಗುತ್ತದೆ. ಇಷ್ಟಾಗಿಯೂ ಬಲ ಹೆಚ್ಚುವುದಿಲ್ಲ, ಪೈಪಿನ ಗೋಡೆ ಮೂರೇ ಮಿ.ಮೀ. ಇದೆಯಲ್ಲ.

ತಿರುಚುವುದನ್ನು ತಡೆಯುವ ದಾರಿ ಹಳೆಯದು, ಸರಳವಾದದ್ದು. ಸಮತಟ್ಟಾದ ಜಾಗದಲ್ಲಿ ಪೈಪುಗಳನ್ನು ಕ್ಲ್ಯಾಂಪಿನಿಂದ ಬಿಗಿದು, ನಾಲ್ಕೂ ಮೂಲೆಗೆ ಸಣ್ಣ ಟ್ಯಾಕ್ ಮಾತ್ರ ಹಾಕಿ, ಮೂಲೆಯಿಂದ ಮೂಲೆಗೆ ಟೇಪು ಹಿಡಿಯಬೇಕು. ಈ ಮೇಜಿಗೆ ಎರಡು ಕರ್ಣವೂ 1342 ಮಿ.ಮೀ.ಗೆ ತುಸು ಕಡಿಮೆ ಬರಬೇಕು. ಮೂಲೆಯೊಂದು ಒಂದೇ ಡಿಗ್ರಿ ವಾಲಿದರೂ ಎರಡರ ನಡುವೆ ಸುಮಾರು 19 ಮಿ.ಮೀ. ವ್ಯತ್ಯಾಸ ಕಾಣುತ್ತದೆ. ಟ್ಯಾಕ್ ಹಂತದಲ್ಲಿ ಇದನ್ನು ಸುತ್ತಿಗೆಯ ಒಂದು ಪೆಟ್ಟಿನಲ್ಲಿ ಸರಿಪಡಿಸಬಹುದು, ಪೂರ್ತಿ ಬೆಸೆದ ಮೇಲೆ ಆಗದು. ಅಳತೆ ಕೂಡಿದ ನಂತರ ಒಂದು ಮೂಲೆಯಲ್ಲಿ ತುಸು ಬೆಸೆದು ಎದುರು ಮೂಲೆಗೆ ಹೋಗಬೇಕು. ಆರುವ ತನಕ ಕ್ಲ್ಯಾಂಪು ಬಿಚ್ಚಬಾರದು. ಎಷ್ಟೋ ಅಂಗಡಿಗಳಲ್ಲಿ ಇದಕ್ಕೆ ತಾಳ್ಮೆಯಿಲ್ಲ. ಒಂದು ಮೂಲೆಯನ್ನು ಸುತ್ತಲೂ ಮುಗಿಸಿಯೇ ಮುಂದಿನದಕ್ಕೆ ಹೋಗುತ್ತಾರೆ. ಮೇಜು ಮೂರೇ ಕಾಲಿನ ಮೇಲೆ ನಿಲ್ಲುತ್ತದೆ.

ಆಮೇಲೆ ಗ್ರೈಂಡರ್ ಬರುತ್ತದೆ. ಉಬ್ಬನ್ನು ನುಣುಪು ಮಾಡುವ ಭರದಲ್ಲಿ ಪಕ್ಕದ ಪೈಪಿನ ಗೋಡೆಯೂ ತೆಳುವಾಗುತ್ತದೆ. ಬಣ್ಣ ಬಿದ್ದ ಮೇಲೆ ಅದು ಕಾಣುವುದಿಲ್ಲ. ವೈಸಿನ ಮೇಲೆ ಸುತ್ತಿಗೆ ಬಿದ್ದಾಗ ಬಿರುಕು ಬಿಡುವ ಜಾಗ ಅದೇ.

ಕ್ಲ್ಯಾಂಪು ಇಲ್ಲದ ಅಂಗಡಿಯಲ್ಲಿ ಪೈಪು ಹಿಡಿಯುವವನು ಸಹಾಯಕ ಹುಡುಗ. ಮುಖ ತಿರುಗಿಸಿ, ಕಣ್ಣು ಮುಚ್ಚಿ ಹಿಡಿದಿರುತ್ತಾನೆ. ಪೈಪೂ ಅಲುಗುತ್ತದೆ, ಪಕ್ಕದಿಂದ ತಾಗಿದ ಬೆಳಕಿಗೆ ರಾತ್ರಿ ಕಣ್ಣಲ್ಲಿ ಮರಳು ಬಿದ್ದಂತೆ ಉರಿಯೂ ಬರುತ್ತದೆ. ಅವನಿಗೊಂದು ಮುಖಗವಚ ಕೊಡದ ಕೆಲಸವನ್ನು ಒಳ್ಳೆಯ ಕೆಲಸ ಎನ್ನಲಾಗದು. ಎಂಎಸ್ ಬದಲು ಜಿಐ ಪೈಪು ತಂದಿದ್ದರೆ ಸಂದಿನ ಸುತ್ತ ಸತುವಿನ ಲೇಪವನ್ನು ಉಜ್ಜಿ ತೆಗೆದು, ಗಾಳಿಯಾಡುವಲ್ಲಿ ಬೆಸೆಯಬೇಕು. ಆ ಬಿಳಿ ಹೊಗೆ ಕುಡಿದವರಿಗೆ ಕೆಲವು ಗಂಟೆಗಳ ನಂತರ ಚಳಿಜ್ವರ ಬರುತ್ತದೆ. ಗ್ರೈಂಡರಿನ ಗಾರ್ಡ್ ಬಿಚ್ಚಿಟ್ಟು ಕತ್ತರಿಸುವ ರೂಢಿಯಂತೂ ಅಕ್ಷಮ್ಯ. ಚಕ್ರ ಒಡೆದರೆ ಚೂರು ಮುಖಕ್ಕೇ ಬರುತ್ತದೆ.

ಮೇಜೋ ಗೇಟೋ ಮಾಡಿಸುವವರು ಮುಂಗಡ ಕೊಡುವಾಗಲೇ ಒಂದು ಮಾತು ಹೇಳಿಡಲಿ: ಟ್ಯಾಕ್ ಹಾಕಿದ ಮೇಲೆ, ಪೂರ್ತಿ ಬೆಸೆಯುವ ಮೊದಲು ತಮ್ಮನ್ನು ಕರೆಯಬೇಕು. ಹೋಗುವಾಗ ಟೇಪು ಒಯ್ದು ಎರಡೂ ಕರ್ಣಗಳನ್ನು ತಾವೇ ಅಳೆಯಲಿ.