ಬಾಗಿದ್ದನ್ನು ಬಾಗಿಸಿಯೇ ನೆಟ್ಟಗೆ ಮಾಡುವುದು

ಎರಡು ತಂತಿಗಳ ತುದಿಯಲ್ಲಿ ಕೂತ ಪುಟ್ಟ ಕಪ್ಪು ಮಣಿ, ಅಷ್ಟೇ ಥರ್ಮಿಸ್ಟರ್. ಲೋಹದ ತಂತಿ ಬಿಸಿಯಾದಷ್ಟೂ ಅದರ ರೋಧ ಏರಿದರೆ, ಈ ಮಣಿಯದು ಇಳಿಯುತ್ತದೆ. ಬೆಳ್ಳಿಯ ಸಲ್ಫೈಡ್ ಹೀಗೆ ಉಲ್ಟಾ ನಡೆಯುವುದನ್ನು ಮೈಕೇಲ್ ಫ್ಯಾರಡೆ 1833ರಲ್ಲೇ ಗಮನಿಸಿದ್ದ. ಇಳಿಯುವ ಪರಿಯೂ ಸಾಮಾನ್ಯದ್ದಲ್ಲ. ಕಟ್ಟಡಗಳ ಎಸಿ ವ್ಯವಸ್ಥೆಗಳಲ್ಲಿ ‘10ಕೆ ಟೈಪ್ 2’ ಎಂದು ಕರೆಯುವ ಮಣಿಯನ್ನೇ ತೆಗೆದುಕೊಳ್ಳಿ. 0 ಡಿಗ್ರಿಯಲ್ಲಿ ಅದರ ರೋಧ 32,650 ಓಮ್, 25ರಲ್ಲಿ 10,000, 50ರಲ್ಲಿ 3,602. ಮೊದಲ ಇಪ್ಪತ್ತೈದು ಡಿಗ್ರಿಗೆ ಮೂರನೇ ಒಂದಕ್ಕಿಂತ ಕೆಳಗೆ, ಮುಂದಿನ ಇಪ್ಪತ್ತೈದಕ್ಕೆ ಮತ್ತೆ ಸರಿಸುಮಾರು ಅದೇ ಪಾಲು. ಕಳೆಯುವುದಲ್ಲ, ಭಾಗಿಸುತ್ತಾ ಹೋಗುವುದು ಇದರ ಸ್ವಭಾವ.

ಆ ಸ್ವಭಾವವನ್ನು ಹಿಡಿಯಲು ಬೀಟಾ ಸಮೀಕರಣಕ್ಕೆ ಒಂದೇ ಸಾಲು ಸಾಕು:

```
1/T = 1/T0 + ln(R/R0)/B
```

T ಕೆಲ್ವಿನ್‌ನಲ್ಲಿ, T0 ಎಂದರೆ 298.15, ಅಂದರೆ ನಮ್ಮ 25 ಡಿಗ್ರಿ. R0 ಆಗಿನ ರೋಧ. ಇದರ ಹಿಂದಿನ ಭೌತಶಾಸ್ತ್ರ ನನಗೆ ಬಹಳ ಇಷ್ಟ. ಮಣಿಯೊಳಗಿನ ಆಕ್ಸೈಡಿನಲ್ಲಿ ವಿದ್ಯುತ್ ಹರಿಯಬೇಕಾದರೆ ಎಲೆಕ್ಟ್ರಾನು ಒಂದು ಶಕ್ತಿಯ ಹೊಸ್ತಿಲು ದಾಟಬೇಕು. ದಾಟುವ ಸಂಭವ ತಾಪಮಾನದ ವಿಲೋಮಕ್ಕೆ ಘಾತೀಯವಾಗಿ ಅಂಟಿಕೊಂಡಿದೆ. ಆದ್ದರಿಂದ ರೋಧದ ಲಾಗರಿದಂ ತೆಗೆದು, ತಾಪಮಾನದ ವಿಲೋಮದ ಎದುರು ಚುಕ್ಕಿ ಇಡುತ್ತಾ ಹೋದರೆ ಕಡಿದಾದ ವಕ್ರರೇಖೆ ಗೆರೆಯಾಗಿ ಮಲಗುತ್ತದೆ. ಬೀಟಾ ಆ ಗೆರೆಯ ಇಳಿಜಾರು.

ಹಾಗೆಂದು ಗೆರೆ ಪೂರ್ತಿ ನೇರವಲ್ಲ, ರುಚಿ ಶುರುವಾಗುವುದೂ ಅಲ್ಲಿಂದಲೇ. ಮೇಲಿನ ಅಂಕಿಗಳಲ್ಲೇ ಲೆಕ್ಕ ಹಾಕಿ ನೋಡಿ. 0 ಮತ್ತು 25ರ ನಡುವೆ ಬೀಟಾ 3855 ಬರುತ್ತದೆ. 25 ಮತ್ತು 50ರ ನಡುವೆ 3935. ಡೇಟಾಶೀಟಿನಲ್ಲಿ 25ರಿಂದ 85ರವರೆಗಿನ ಬೀಟಾ ಎಂದು ಕಾಣುವುದು 3977. ಒಂದೇ ಮಣಿಗೆ ಮೂರು ಬೀಟಾ! ಯಾವುದೂ ಸುಳ್ಳಲ್ಲ, ಅತಿ ಸೌಮ್ಯವಾಗಿ ಬಾಗಿದ ರೇಖೆಯ ಮೇಲೆ ಬೇರೆ ಬೇರೆ ಎರಡು ಬಿಂದುಗಳನ್ನು ಸೇರಿಸಿ ಎಳೆದ ಜ್ಯಾಗಳು ಅವು. ಡೇಟಾಶೀಟಿನಲ್ಲಿ ಬೀಟಾದ ಪಕ್ಕ ಸಣ್ಣಕ್ಷರದಲ್ಲಿ 25/50 ಅಥವಾ 25/85 ಎಂದು ಬರೆದಿರುತ್ತಾರೆ. ಬೀಟಾಗಿಂತ ಮೊದಲು ಓದಬೇಕಾದದ್ದು ಅದನ್ನೇ.

ಓದದಿದ್ದರೆ ಏನಾಗುತ್ತದೆ? 2ರಿಂದ 8 ಡಿಗ್ರಿಯೊಳಗೆ ಇರಬೇಕಾದ ಲಸಿಕೆಯ ಫ್ರಿಜ್ಜಿಗೆ ಈ ಮಣಿ ಹಾಕಿ, ಫರ್ಮ್‌ವೇರಿನಲ್ಲಿ 3977 ಬರೆದಿದ್ದೀರಿ ಎನ್ನೋಣ. ನಿಜವಾದ 0 ಡಿಗ್ರಿಯಲ್ಲಿ ಪರದೆ 0.7 ತೋರುತ್ತದೆ, 5 ಡಿಗ್ರಿಯಲ್ಲಿ 5.5. ಒಳಗೆ ಒಂದೂವರೆ ಡಿಗ್ರಿಗೆ ಇಳಿದಿದ್ದರೂ ಪರದೆಯಲ್ಲಿ 2ರ ಮೇಲೆಯೇ ಇರುವುದರಿಂದ ಅಲಾರಂ ಕೂಗುವುದಿಲ್ಲ. ಹೆಪಟೈಟಿಸ್ ಬಿ ಲಸಿಕೆಯಂಥವು ಹೆಪ್ಪುಗಟ್ಟಿದರೆ ಕೆಟ್ಟುಹೋಗುವುದರಿಂದ ಈ ಕೆಳಗಿನ ಅಂಚೇ ಹೆಚ್ಚು ಅಪಾಯದ್ದು. ಈಗ ಸೂತ್ರದ ಗೋಜಿಗೇ ಹೋಗದೆ 3977 ಅಳಿಸಿ 3855 ಬರೆಯಿರಿ. 5 ಡಿಗ್ರಿಗೆ 4.95 ಬರುತ್ತದೆ, 10ಕ್ಕೆ 9.93. ದುಡ್ಡು ಖರ್ಚಿಲ್ಲದ ಚಿಕಿತ್ಸೆ! ಅಗಲವಾದ ವ್ಯಾಪ್ತಿ ಬೇಕೆನ್ನುವವರಿಗೆ ಸ್ಟೈನ್‌ಹಾರ್ಟ್ ಮತ್ತು ಹಾರ್ಟ್ 1968ರಲ್ಲಿ ಕೊಟ್ಟ ಸಮೀಕರಣವಿದೆ. ಲಾಗರಿದಮ್ಮಿನ ಘನವನ್ನೂ ಸೇರಿಸಿಕೊಂಡು ಅದು ಬಾಗನ್ನೇ ಹಿಡಿಯುತ್ತದೆ. ಫ್ರಿಜ್ಜಿಗೆ ಅಷ್ಟೆಲ್ಲ ಬೇಕಿಲ್ಲ.

ಇನ್ನೊಂದು ಸೊಗಸು ಸರ್ಕ್ಯೂಟಿನಲ್ಲಿದೆ. ಮೈಕ್ರೋಕಂಟ್ರೋಲರಿಗೆ ರೋಧ ಕಾಣುವುದಿಲ್ಲ, ವೋಲ್ಟೇಜು ಮಾತ್ರ ಕಾಣುತ್ತದೆ. ಹಾಗಾಗಿ ಮೇಲೆ ಒಂದು 10,000 ಓಮಿನ ರೆಸಿಸ್ಟರ್, ಕೆಳಗೆ ಥರ್ಮಿಸ್ಟರ್ ಇಟ್ಟು ನಡುವಿನ ಬಿಂದುವನ್ನು ಎಡಿಸಿ ಓದುತ್ತದೆ. ರೆಸಿಸ್ಟರಿನ ಮೇಲ್ತುದಿಗೂ ಎಡಿಸಿಯ ರೆಫರೆನ್ಸಿಗೂ ಒಂದೇ ವೋಲ್ಟೇಜು ಕೊಟ್ಟರೆ, ಸಪ್ಲೈ ಏರಿಳಿದರೂ ಎಣಿಕೆ ಕದಲುವುದಿಲ್ಲ. ಎರಡೂ ಕಡೆ ಇರುವುದು ಲೆಕ್ಕದಲ್ಲಿ ಹೊಡೆದುಹೋಗುತ್ತದೆ. 10 ಬಿಟ್ಟಿನ ಎಡಿಸಿಯಲ್ಲಿ 0 ಡಿಗ್ರಿಗೆ 784, 5ಕ್ಕೆ 735, 10ಕ್ಕೆ 682, 15ಕ್ಕೆ 626, 20ಕ್ಕೆ 569, 25ಕ್ಕೆ 512, 30ಕ್ಕೆ 457. ಪ್ರತಿ ಐದು ಡಿಗ್ರಿಗೆ ಎಷ್ಟು ಇಳಿಯಿತು ನೋಡಿ: 49, 53, 56, 57, 57, 55. ರೋಧ ನಾಲ್ಕು ಪಟ್ಟು ಕುಸಿದ ಹಾದಿಯಲ್ಲಿ ಎಣಿಕೆ ಹೆಚ್ಚುಕಡಿಮೆ ಸಮನಾದ ಹೆಜ್ಜೆ ಹಾಕಿದೆ. ಥರ್ಮಿಸ್ಟರಿನದು ಒಂದು ಬಾಗು, ಭಾಜಕದ್ದು ಇನ್ನೊಂದು. ಡೊಂಕಾದ ಬೆತ್ತವನ್ನು ಎದುರು ದಿಕ್ಕಿಗೆ ಬಗ್ಗಿಸಿ ನೇರ ಮಾಡಿದ ಹಾಗೆ, ಫರ್ಮ್‌ವೇರ್ ಕೈ ಹಾಕುವ ಮೊದಲೇ ಒಂದು ಪೈಸೆಯ ರೆಸಿಸ್ಟರ್ ಅರ್ಧ ಕೆಲಸ ಮುಗಿಸಿರುತ್ತದೆ. ಆದರೆ ಈ ಕೃಪೆ 25ರ ಆಸುಪಾಸಿಗೆ ಮಾತ್ರ. 100 ಡಿಗ್ರಿಯ ಹತ್ತಿರ ಒಂದು ಡಿಗ್ರಿಗೆ ಎರಡು ಎಣಿಕೆಯೂ ಸಿಗುವುದಿಲ್ಲ. ಅಲ್ಲಿ ಅಳೆಯಬೇಕಿದ್ದರೆ ಮೇಲಿನ ರೆಸಿಸ್ಟರನ್ನೇ ಚಿಕ್ಕದು ಮಾಡಬೇಕು.

ಎಣಿಕೆ ಇಷ್ಟು ನೇರವಾಗಿದ್ದ ಮೇಲೆ ಲಾಗರಿದಂ ಯಾಕೆ? ಎಂಟು ಬಿಟ್ಟಿನ ಚಿಪ್ಪಿಗೆ ದಶಮಾಂಶದ ಗಣಿತವೇ ಹೊರೆ. ತಯಾರಕರ ಪಟ್ಟಿಯಲ್ಲಿರುವ ರೋಧಗಳನ್ನು ಒಮ್ಮೆ ಎಣಿಕೆಗೆ ಇಳಿಸಿಟ್ಟರೆ ಬೀಟಾ ತಕರಾರೂ ಇಲ್ಲ.

```c
/* -10..30 C, 5 C */
static const int16_t tab[] =
  {867, 828, 784, 735, 682, 626, 569, 512, 457};

int16_t temp_x10(int16_t n)
{
  uint8_t i = 0;
  if (n > 867 || n < 457) return FAULT;
  while (n < tab[i + 1]) i++;
  return -100 + 50 * i
    + 50 * (tab[i] - n) / (tab[i] - tab[i + 1]);
}
```

700 ಎಂಬ ಎಣಿಕೆ ಬಂತೆನ್ನಿ. ಅದು 735 ಮತ್ತು 682ರ ನಡುವಿನದು, ಅಂದರೆ 5 ಮತ್ತು 10 ಡಿಗ್ರಿಯ ನಡುವೆ. 53 ಎಣಿಕೆಯಲ್ಲಿ 35 ಇಳಿದಿದೆ. ಐವತ್ತರಲ್ಲಿ ಅದರ ಪಾಲು 33. ಉತ್ತರ 83, ಅಂದರೆ 8.3 ಡಿಗ್ರಿ. ಎರಡು ಚುಕ್ಕಿಗಳ ನಡುವೆ ನಿಜವಾದ ರೇಖೆ ನಮ್ಮ ಗೆರೆಯಿಂದ ಸರಿಯುವುದು ಒಂದು ಎಣಿಕೆಗಿಂತ ಕಡಿಮೆ. ಎಡಿಸಿಯೇ ಅದನ್ನು ಕಾಣಲಾರದು, ಹಾಗಾಗಿ ಇನ್ನಷ್ಟು ಚುಕ್ಕಿ ತುಂಬಿ ಲಾಭವಿಲ್ಲ.

`FAULT` ಎಂಬುದು ತಾಪಮಾನದೊಂದಿಗೆ ಬೆರೆಯದ ಯಾವುದಾದರೂ ಬೆಲೆ, -32768 ಆದೀತು. ಇಲ್ಲಿ ಜಿಪುಣತನ ಮಾಡಿ, ಪಟ್ಟಿಯಾಚೆಗೆ ಹೋದದ್ದನ್ನೆಲ್ಲ ತುದಿಯ ಬೆಲೆಗೇ ಕಟ್ಟಿಹಾಕುವ ರೂಢಿಯಿದೆ. ನನಗದು ಸುತರಾಂ ಒಪ್ಪಿಗೆಯಿಲ್ಲ. ತಂತಿ ಕಡಿದರೆ ಎಣಿಕೆ 1023ಕ್ಕೆ ಹಾರುತ್ತದೆ. ಪಟ್ಟಿಯ ಕಣ್ಣಿಗೆ ಅದು ಕಡುಚಳಿ. ಫ್ರಿಜ್ ಕಂಪ್ರೆಸರನ್ನು ನಿಲ್ಲಿಸಿ ತೆಪ್ಪಗೆ ಕೂರುತ್ತದೆ, ಒಳಗೆ ಲಸಿಕೆ ಬೆಚ್ಚಗಾಗುತ್ತಿರುತ್ತದೆ. ಹಾಗೆಯೇ 30 ಡಿಗ್ರಿ ದಾಟಿದ ಕೋಣೆಯಲ್ಲಿ ಫ್ರಿಜ್ಜನ್ನು ಹೊಸದಾಗಿ ಚಾಲೂ ಮಾಡುವುದಿದ್ದರೆ ಪಟ್ಟಿಯನ್ನು 50ರವರೆಗೆ ಬೆಳೆಸಿ. ಇಲ್ಲವಾದರೆ ಮೊದಲ ದಿನವೇ ದೋಷದ ದೀಪ ಉರಿಯುತ್ತದೆ.

ಕೊನೆಗೆ ಪರೀಕ್ಷೆ. ಪುಡಿ ಮಾಡಿದ ಐಸಿಗೆ ಶುದ್ಧ ನೀರು ಬೆರೆಸಿ, ಮಣಿಯನ್ನು ಅದರೊಳಗೆ ಮುಳುಗಿಸಿ, ಕಲಕುತ್ತಾ ಕೆಲವು ನಿಮಿಷ ಬಿಡಿ. ಆಗ ಡಿಗ್ರಿಯನ್ನಲ್ಲ, ಕಚ್ಚಾ ಎಣಿಕೆಯನ್ನು ನೋಡಬೇಕು. 784ರ ಆಸುಪಾಸು ಇದ್ದು ಪರದೆ ಮಾತ್ರ 0.7 ಎಂದರೆ ತಪ್ಪು ಬೀಟಾದ್ದು. ಎಣಿಕೆಯೇ 770 ಬಂದರೆ ಕೋಡ್ ತಿದ್ದುವುದನ್ನು ಬಿಟ್ಟು ಮೇಲಿನ ರೆಸಿಸ್ಟರನ್ನು ಮಲ್ಟಿಮೀಟರಿನಲ್ಲಿ ಅಳೆಯಿರಿ.