ಕಾಯುವುದಕ್ಕೂ ಒಂದು ತಾರೀಕು ಬೇಕು

ಹೊರಬರಲು ಜಾಗವಿಲ್ಲದೆ ಸಿಕ್ಕಿಕೊಂಡ ಬುದ್ಧಿಹಲ್ಲಿಗೆ ದಂತವೈದ್ಯರು ಒಬ್ಬರಿಗೆ ‘ಕೀಳಿಸಿ’ ಎನ್ನುತ್ತಾರೆ, ಇನ್ನೊಬ್ಬರಿಗೆ ‘ಇರಲಿ, ನೋಡೋಣ’ ಎನ್ನುತ್ತಾರೆ. ಎರಡಕ್ಕೂ ಆಧಾರವಿದೆ. ನನ್ನ ತಕರಾರು ಎರಡನೆಯದನ್ನು ಪಾಲಿಸುವ ರೀತಿಯ ಬಗ್ಗೆ.

ಹಲ್ಲು ಯಾವ ಕಡೆ ವಾಲಿದೆ ಎಂಬುದರ ಮೇಲೆ 1926ರಲ್ಲಿ ಜಾರ್ಜ್ ವಿಂಟರ್ ಮಾಡಿದ ವಿಂಗಡಣೆ ಇಂದಿಗೂ ಬಳಕೆಯಲ್ಲಿದೆ: ಮುಂದಕ್ಕೆ ವಾಲಿದ್ದು, ಹಿಂದಕ್ಕೆ ವಾಲಿದ್ದು, ನೆಟ್ಟಗಿದ್ದದ್ದು, ಪೂರ್ತಿ ಅಡ್ಡ ಮಲಗಿದ್ದು. ಕೆಳದವಡೆಯಲ್ಲಿ ಹೆಚ್ಚು ಕಾಣುವುದು ಮೊದಲನೆಯದು. ತೊಂದರೆ ಕೊಡದ ಹಲ್ಲನ್ನು ಮುಂಜಾಗ್ರತೆಗೆಂದು ಕೀಳಬೇಡಿ ಎಂದು 2000ರಲ್ಲಿ ಬ್ರಿಟನ್ನಿನ ‘ನೈಸ್’ ಸಂಸ್ಥೆ ಹೇಳಿತು. ವಸಡಿನ ಊತ ಒಮ್ಮೆ ಬಂದು, ಅದು ತೀವ್ರವಾಗಿರದಿದ್ದರೆ ಕಾಯಬಹುದು, ಮರುಕಳಿಸಿದರೆ ತೆಗೆಯಬೇಕು. ಎಲುಬಿನೊಳಗೆ ಪೂರ್ತಿ ಹುದುಗಿ ಸುಮ್ಮನಿರುವ ಹಲ್ಲಿಗೆ ಈ ನಿಯಮ ಚೆನ್ನಾಗಿ ಒಪ್ಪುತ್ತದೆ. ಮುಂದಕ್ಕೆ ವಾಲಿ ಅರ್ಧ ಮಾತ್ರ ಹೊರಬಂದ ಹಲ್ಲಿಗೆ ಅಷ್ಟಾಗಿ ಒಪ್ಪುವುದಿಲ್ಲ.

ಕೂಡ್ಲಿಗಿ ಕಡೆಯ ಇಪ್ಪತ್ನಾಲ್ಕರ ಯುವಕನೊಬ್ಬನಿಗೆ ಅಂಥ ಹಲ್ಲಿದೆ ಎಂದಿಟ್ಟುಕೊಳ್ಳಿ. ಅದು ತನ್ನ ಮುಂದಿನ ದವಡೆಹಲ್ಲಿನ ಬೆನ್ನಿಗೆ ಒರಗಿದೆ. ನಡುವಿನ ಸಂದಿಗೆ ಬ್ರಷ್ ತಲುಪುವುದಿಲ್ಲ, ತಿಂದದ್ದು ಅಲ್ಲೇ ನಿಲ್ಲುತ್ತದೆ. ಹುಳುಕು ಹತ್ತುವುದು ಬುದ್ಧಿಹಲ್ಲಿಗಷ್ಟೇ ಅಲ್ಲ, ಗಟ್ಟಿಮುಟ್ಟಾಗಿದ್ದ ಮುಂದಿನ ಹಲ್ಲಿಗೂ, ಅದೂ ವಸಡಿನ ಅಂಚಿನಲ್ಲಿ. ಕನ್ನಡಿಯಲ್ಲಿ ಕಾಣದು, ಬಹುಕಾಲ ನೋಯದು. ಎಕ್ಸ್‌ರೇಯಲ್ಲಿ ಮಾತ್ರ ಅಲ್ಲೊಂದು ಕಪ್ಪು ಕಲೆ ಬೀಳುತ್ತದೆ. ಬೇಗ ಸಿಕ್ಕರೆ ಬುದ್ಧಿಹಲ್ಲು ತೆಗೆದು ಮುಂದಿನದಕ್ಕೆ ಫಿಲ್ಲಿಂಗ್ ಹಾಕಿದರೆ ಮುಗಿಯಿತು. ನೋವು ಬರುವವರೆಗೆ ಕಾದರೆ ರೂಟ್ ಕೆನಾಲ್, ಇಲ್ಲವೇ ಎರಡೂ ಹಲ್ಲು ಹೋಗುತ್ತವೆ. ‘ನೈಸ್’ ನಿಯಮಕ್ಕೆ ಬ್ರಿಟನ್ನಿನ ಶಸ್ತ್ರವೈದ್ಯರೇ ಎತ್ತಿದ ಆಕ್ಷೇಪ ಇದು, ನನಗೂ ಇದು ಸರಿಯೆನಿಸುತ್ತದೆ.

ಹಾಗಂತ ಎಲ್ಲವನ್ನೂ ಕೀಳಲಾಗದು. ಕೆಳತುಟಿಗೆ ಸ್ಪರ್ಶ ಕೊಡುವ ನರ ಬುದ್ಧಿಹಲ್ಲಿನ ಬೇರಿನ ಹತ್ತಿರವೇ ಹಾದುಹೋಗುತ್ತದೆ. ಎಕ್ಸ್‌ರೇಯಲ್ಲಿ ನರದ ಕಾಲುವೆಯ ಬಿಳಿ ಗೆರೆ ಬೇರಿನ ಬಳಿ ತುಂಡಾಗಿ ಕಂಡರೆ, ಬೇರು ಅಲ್ಲಿ ಕಪ್ಪಾಗಿದ್ದರೆ, ಕೀಳುವಾಗ ನರಕ್ಕೆ ಪೆಟ್ಟಾಗುವ ಅಪಾಯ ಹೆಚ್ಚು. ತುಟಿ ಜೋಮು ಹಿಡಿದದ್ದು ಬಹುಪಾಲು ತಿಂಗಳುಗಳಲ್ಲಿ ಸರಿಹೋಗುತ್ತದೆ, ಕೆಲವರಿಗೆ ಉಳಿದುಬಿಡುತ್ತದೆ. ಅಂಥ ಹಲ್ಲು ರೋಗವಿಲ್ಲದೆ ಹುದುಗಿದ್ದರೆ ಬಿಡುವುದೇ ಮೇಲು. ತೆಗೆಯಲೇಬೇಕಾದರೆ ಬೇರು ಬಿಟ್ಟು ತಲೆಭಾಗವನ್ನಷ್ಟೇ ಕತ್ತರಿಸುವ ದಾರಿಯೂ ಇದೆ.

ಆದರೆ ‘ನೋಡೋಣ’ ಎಂದ ಮೇಲೆ ನೋಡಬೇಕು. ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯವರು ಪೂರ್ತಿ ದವಡೆಯ ಎಕ್ಸ್‌ರೇಗೆ ದಾವಣಗೆರೆಗೋ ಹೊಸಪೇಟೆಗೋ ಹೋಗುವುದುಂಟು. ‘ನೋವಾದರೆ ಬನ್ನಿ’ ಎಂದು ಕಳಿಸಿದರೆ ಅವರು ನೋವಾದಾಗಲೇ ಬರುತ್ತಾರೆ. ಯಾವ ಹಲ್ಲು, ಹೇಗೆ ವಾಲಿದೆ, ಮುಂದಿನ ಎಕ್ಸ್‌ರೇ ಯಾವಾಗ ಎಂಬುದು ಚೀಟಿಯಲ್ಲಿರಬೇಕು, ಹಳೆಯ ಫಿಲ್ಮ್ ರೋಗಿಯ ಕೈಯಲ್ಲಿರಬೇಕು. ಹೀಗೆ ಕಾಯುವ ಹೊತ್ತಿನಲ್ಲಿ ಗುಟ್ಕಾ ಅಗಿಯುವವರಲ್ಲಿ ಬಾಯಿ ತೆರೆಯುವುದು ಕಡಿಮೆಯಾಗುತ್ತಾ ಹೋಗಬಹುದು. ಆಗ ಹಲ್ಲು ನೋಡುವುದೂ ಕಷ್ಟ, ತೆಗೆಯುವುದೂ ಕಷ್ಟ. ಮತ್ತೆ ಬರಲಾರೆ ಎನ್ನುವ ಆ ಕೂಡ್ಲಿಗಿ ಯುವಕನಿಗೆ, ಬೇರು ನರದಿಂದ ದೂರವಿದ್ದರೆ, ಈಗಲೇ ತೆಗೆಸು ಎನ್ನುವ ವೈದ್ಯರ ಪರ ನಾನು.